ಆಪತ್ತಿನ ದುಡ್ಡಿಗೆ ಬಡ್ಡಿ ಕೇಳುವ ತಪ್ಪು

ಆರು ತಿಂಗಳ ಖರ್ಚಿನಷ್ಟು ಹಣ ಬದಿಗಿಡಿ, ಅದು ಉಳಿತಾಯ ಖಾತೆಯಲ್ಲಿ ಸುಮ್ಮನೆ ಕೂರದಂತೆ ಒಳ್ಳೆಯ ಬಡ್ಡಿ ಬರುವ ಕಡೆ ಹಾಕಿ. ತುರ್ತು ನಿಧಿಯ ಬಗ್ಗೆ ಹಣಕಾಸು ಅಂಕಣಗಳು ಸಾಮಾನ್ಯವಾಗಿ ಹೇಳುವುದು ಇಷ್ಟೇ. ಈ ಸಲಹೆಯ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ತಿಂಗಳ ಮೊದಲ ವಾರ ಸಂಬಳ ಬರುವ, ಕೆಲಸ ಹೋದರೆ ಬೇರೆ ಕೆಲಸ ಹುಡುಕುವ ಮಹಾನಗರದ ಮನೆಯನ್ನು ಕಣ್ಣೆದುರಿಟ್ಟುಕೊಂಡು ಹುಟ್ಟಿದ ಸಲಹೆ ಇದು. ಬೀದರ್ ಜಿಲ್ಲೆಯಲ್ಲಿ ಇದರ ಅಳತೆಯೂ ತಪ್ಪುತ್ತದೆ, ಜಾಗವೂ ತಪ್ಪುತ್ತದೆ.

ಮೊದಲು ಅಳತೆಯನ್ನು ನೋಡೋಣ. ಔರಾದ್ ಕಡೆಯ ಒಂದು ಮನೆಗೆ ಆರು ಎಕರೆ ಮಳೆಯಾಶ್ರಿತ ಭೂಮಿ ಇದೆ, ಸೋಯಾ ಮತ್ತು ತೊಗರಿ ಬಿತ್ತುತ್ತಾರೆ, ತಿಂಗಳಿಗೆ 15,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ 90,000 ಸಾಕು. ಆದರೆ ಈ ಮನೆಗೆ ದುಡ್ಡು ಬರುವುದು ವರ್ಷಕ್ಕೆ ಎರಡೇ ಸಲ. ದಸರಾ ದೀಪಾವಳಿಯ ಹೊತ್ತಿಗೆ ಸೋಯಾ ರಾಶಿ, ಸಂಕ್ರಾಂತಿಯ ಆಚೆಗೆ ತೊಗರಿ. ಮಧ್ಯದ ತಿಂಗಳುಗಳ ಸಂತೆ, ಬೀಜ, ಗೊಬ್ಬರ, ಮಕ್ಕಳ ಫೀ ಇವೆಲ್ಲ ಮೊದಲೇ ಗೊತ್ತಿರುವ ಖರ್ಚು. ಅವುಗಳಿಗೆ ಎತ್ತಿಟ್ಟ ಹಣವನ್ನು ತುರ್ತು ನಿಧಿ ಎಂದು ಕರೆದರೆ, ನಿಜವಾದ ಆಪತ್ತು ಬಂದ ದಿನ ಖಾತೆ ಖಾಲಿ ಇರುತ್ತದೆ.

2025ರ ಮಳೆಗಾಲವನ್ನೇ ನೆನೆಯಿರಿ. ಹೊಲದಲ್ಲಿ ನೀರು ನಿಂತು ಸೋಯಾ ಕೊಳೆತ ಮನೆಗೆ ಮುಂದಿನ ಆಸರೆ ಎಂದರೆ ತೊಗರಿ, ಅದೂ ಉಳಿದಿದ್ದರೆ. ಬೆಳೆ ವಿಮೆ, ಸರ್ಕಾರದ ಪರಿಹಾರ ಬರಬಹುದು. ಆದರೆ ಬರುವ ದಿನವನ್ನು ನಂಬಿ ಅಂಗಡಿಯವನಿಗೆ ಮಾತು ಕೊಡಲಾಗದು. ಹಾಗಾಗಿ ನಾನು ಕೇಳುವ ಪ್ರಶ್ನೆ ಎರಡು. ಒಂದೇ ಏಟಿಗೆ ತೆರಬೇಕಾದ ದೊಡ್ಡ ಮೊತ್ತ ಎಷ್ಟು? ಒಂದು ಬೆಳೆ ಹೋದರೆ ಮುಂದಿನ ದುಡ್ಡು ಬರುವವರೆಗೆ ಎಷ್ಟು ತಿಂಗಳು ಕಾಯಬೇಕು? ಆಸ್ಪತ್ರೆಯ ಮುಂಗಡ, ಗಾಡಿ, ಜೊತೆಗಿರುವವರ ಊಟ ವಸತಿಗೆ 60,000, ನಾಲ್ಕು ತಿಂಗಳ ಕಾಯುವಿಕೆಗೆ 60,000, ಮರುಬಿತ್ತನೆಗೆ 20,000 ಹಿಡಿದರೆ ಈ ಮನೆಗೆ 1.4 ಲಕ್ಷ ಬೇಕು. ಆರು ತಿಂಗಳ ಸೂತ್ರ ಹೇಳಿದ್ದಕ್ಕಿಂತ 50,000 ಹೆಚ್ಚು.

ಬೀದರ್ ನಗರದ ಸರ್ಕಾರಿ ಶಾಲೆಯ ಶಿಕ್ಷಕಿಗೆ ಅದೇ ಸೂತ್ರ ಅತಿಯಾಗುತ್ತದೆ. ತಿಂಗಳಿಗೆ 40,000 ಖರ್ಚಿದ್ದರೆ 2.4 ಲಕ್ಷ ಇಡಬೇಕು. ಆದರೆ ಅವರ ಸಂಬಳ ನಿಲ್ಲುವುದಿಲ್ಲ, ಕಾಯುವ ತಿಂಗಳುಗಳ ಲೆಕ್ಕವೇ ಅವರಿಗೆ ಬೇಕಿಲ್ಲ. ಅವರಿಗಿರುವ ಭಯ ಒಂದೇ ಏಟಿನದು: ಬ್ರಿಮ್ಸ್‌ನಲ್ಲಿ ಆಗದ ಚಿಕಿತ್ಸೆಗಾಗಿ ರಾತ್ರೋರಾತ್ರಿ ಹೈದರಾಬಾದಿಗೆ ಓಡುವುದು. ಅದಕ್ಕೆ 1 ಲಕ್ಷ ಕೈಗೆಟಕುವಂತಿದ್ದರೆ, ಉಳಿದದ್ದು ಎಫ್‌ಡಿಯಲ್ಲಿರಲಿ.

ಇನ್ನು ಬಡ್ಡಿ. ಊರ ಪತ್ತಿನ ಸಂಘ 9 ಪರ್ಸೆಂಟ್ ಕೊಡುವಾಗ ಬ್ಯಾಂಕಿನ 3 ಪರ್ಸೆಂಟಿಗೆ ಯಾಕೆ ಇಡಬೇಕು ಎಂದು ಕೇಳುವವರು ದಡ್ಡರಲ್ಲ. 1 ಲಕ್ಷಕ್ಕೆ ವರ್ಷಕ್ಕೆ 6,000 ರೂಪಾಯಿ ವ್ಯತ್ಯಾಸ ನಿಜ. ಆದರೆ ಸಂಘದ ಠೇವಣಿ ಮುರಿಯಲು ಅರ್ಜಿ ಕೊಡಬೇಕು, ಕಾರ್ಯದರ್ಶಿ ಸಿಗಬೇಕು, ಗಲ್ಲೆಯಲ್ಲಿ ಹಣವಿರಬೇಕು. ಅಷ್ಟರೊಳಗೆ ಸಾವಕಾರನಿಂದ ತಿಂಗಳಿಗೆ ನೂರಕ್ಕೆ ಮೂರರಂತೆ 1 ಲಕ್ಷ ತಂದರೆ ತಿಂಗಳ ಬಡ್ಡಿಯೇ 3,000. ಠೇವಣಿ ಬಿಡುಗಡೆಯಾಗಲು ನಾಲ್ಕು ತಿಂಗಳು ಹಿಡಿದರೆ 12,000, ಅಂದರೆ ಎರಡು ವರ್ಷ ಕೂಡಿಟ್ಟ ಹೆಚ್ಚುವರಿ ಬಡ್ಡಿ ಅಷ್ಟೂ ಹೋಯಿತು. ಹತ್ತು ವರ್ಷ ಏನೂ ಆಗದಿದ್ದರೆ 60,000 ಕಳೆದುಕೊಂಡಂತಲ್ಲವೇ ಎಂದರೆ, ಹೌದು. ನಾನು ಅದನ್ನು ವಿಮೆಯ ಕಂತೆಂದೇ ಲೆಕ್ಕ ಹಾಕುತ್ತೇನೆ.

ಇಲ್ಲಿ ಸಾಮಾನ್ಯವಾಗಿ ಸುರಕ್ಷತೆಯನ್ನೂ ಲಭ್ಯತೆಯನ್ನೂ ಒಂದೇ ಎಂದು ಭಾವಿಸುತ್ತಾರೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು ತೆಗೆಯಬಹುದಾದ ಮೊತ್ತವನ್ನು 35,000ಕ್ಕೆ ಕಟ್ಟಿಹಾಕಿತು. ಮರುತಿಂಗಳು ಠೇವಣಿ ವಿಮೆಯ ಮಿತಿ 5 ಲಕ್ಷಕ್ಕೇರಿತು. 2021ರ ತಿದ್ದುಪಡಿಯಿಂದ, ಹೀಗೆ ನಿರ್ಬಂಧ ಬಿದ್ದ ಬ್ಯಾಂಕಿನ ವಿಮಾ ಹಣ 90 ದಿನದೊಳಗೆ ಕೈಸೇರಬೇಕು. ಒಳ್ಳೆಯ ಕಾನೂನೇ. ಆದರೆ ಐಸಿಯು ಬಾಗಿಲಲ್ಲಿ ನಿಂತವರಿಗೆ 90 ದಿನ ಎಂಬುದಕ್ಕೆ ಅರ್ಥವಿಲ್ಲ. ಪತ್ತಿನ ಸಂಘಗಳ ಠೇವಣಿಗಂತೂ ಈ ವಿಮೆಯೇ ಅನ್ವಯಿಸದು. ಅಂಚೆ ಕಚೇರಿಯ ಅವಧಿ ಠೇವಣಿಗೆ ಸರ್ಕಾರದ ಭದ್ರತೆ ಇದೆ, ಆದರೂ ಮೊದಲ ಆರು ತಿಂಗಳು ಅದನ್ನು ಮುರಿಯುವಂತಿಲ್ಲ. ಹಣ ಭದ್ರವಾಗಿದೆಯೇ ಎಂದು ಕೇಳಿದರೆ ಸಾಲದು, ಶನಿವಾರ ರಾತ್ರಿ ಹನ್ನೊಂದಕ್ಕೆ ಕೈಗೆ ಬರುತ್ತದೆಯೇ ಎಂದು ಕೇಳಬೇಕು.

ಯಾರ ಕೈಗೆ ಎಂಬುದೂ ಮುಖ್ಯ, ಅಂಕಣಕಾರರು ಇದನ್ನು ಮುಟ್ಟುವುದೇ ಅಪರೂಪ. ಖಾತೆ ಯಜಮಾನನ ಹೆಸರಲ್ಲಿ, ಎಟಿಎಂ ಪಿನ್ ಅವನ ತಲೆಯಲ್ಲಿ, ಯುಪಿಐ ಅವನ ಫೋನಿನಲ್ಲಿ. ಅವನೇ ಪ್ರಜ್ಞೆ ತಪ್ಪಿ ಬಿದ್ದರೆ? ನಾಮಿನಿ ಇದ್ದಾರೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು, ನಾಮಿನಿಗೆ ಹಣ ಬರುವುದು ಖಾತೆದಾರ ತೀರಿಕೊಂಡ ಮೇಲೆ. ಗಂಡ ಹೆಂಡತಿಯ ಜಂಟಿ ಖಾತೆ ಬೇಕು, ಇಬ್ಬರಲ್ಲಿ ಯಾರಾದರೂ ಒಬ್ಬರೇ ಹಣ ತೆಗೆಯಬಹುದೆಂಬ ಷರತ್ತಿನದು, ಇಬ್ಬರಿಗೂ ಬೇರೆ ಬೇರೆ ಕಾರ್ಡಿನೊಂದಿಗೆ. ಎಟಿಎಂಗೆ ದಿನದ ಮಿತಿ ಇರುವುದರಿಂದ ಎರಡು ಕಾರ್ಡು ಇದ್ದರೆ ಅನುಕೂಲವೇ.

ಮನೆಯಲ್ಲಿ ಬಂಗಾರ ಇದೆಯಲ್ಲ ಎಂಬ ವಾದಕ್ಕೆ ನನ್ನಲ್ಲಿ ಗೌರವವಿದೆ. ಈ ಭಾಗದ ಎಷ್ಟೋ ಮನೆಗಳನ್ನು ಅದು ಕಾಪಾಡಿದೆ. ಆದರೆ ಬ್ಯಾಂಕು ತೆರೆದು, ಅಕ್ಕಸಾಲಿಗ ಬಂದು ತೂಕ ನೋಡಿದ ಮೇಲೆಯೇ ಸಾಲ, ಅದೂ ಪೂರ್ತಿ ಬೆಲೆಗಲ್ಲ. ಮೊದಲ ರಾತ್ರಿಯನ್ನು ನಗದು ದಾಟಿಸಿದರೆ, ಬಂಗಾರ ಮೂರನೆಯ ದಿನಕ್ಕೆ ಆಗುತ್ತದೆ.

ಕೈಲಿರುವ ದುಡ್ಡು ಏನನ್ನೂ ಗಳಿಸುವುದಿಲ್ಲ ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. 2024-25ರಲ್ಲಿ ಸೋಯಾ ಬೆಂಬಲ ಬೆಲೆ ಕ್ವಿಂಟಲಿಗೆ 4,892 ಇತ್ತು. ಆ ಬೆಲೆ ಬೇಕಾದರೆ ಕಾಳು ತೇವ ಆರುವವರೆಗೆ ಒಣಗಿಸಿ, ನೋಂದಣಿ ಮಾಡಿಸಿ, ತೂಕದ ಸರದಿಗೂ ನಂತರ ಹಣಕ್ಕೂ ಕಾಯಬೇಕು. ಕೈ ಖಾಲಿಯಿದ್ದವನು ಗಾಂಧಿ ಗಂಜ್‌ನ ಅಡತಿ ಅಂಗಡಿಗೆ ತಂದು ಸಿಕ್ಕ ಬೆಲೆಗೆ ಕೊಡುತ್ತಾನೆ. ಅದು 4,200 ಎಂದುಕೊಂಡರೆ 15 ಕ್ವಿಂಟಲಿಗೆ 10,380 ರೂಪಾಯಿ ನಷ್ಟ. ಭಾಲ್ಕಿಯ ಕಬ್ಬಿನ ಮನೆಗೂ ಇದೇ ಲೆಕ್ಕ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ 15 ಪರ್ಸೆಂಟ್ ಬಡ್ಡಿ ಕೊಡಬೇಕು. ಆ ಬಾಕಿಗಾಗಿ ಕಾಯುವ ಶಕ್ತಿ ಇಲ್ಲದವನು ಅದೇ ಹೊತ್ತಿಗೆ ಸಾವಕಾರನಿಗೆ 36 ಪರ್ಸೆಂಟ್ ಕಟ್ಟುತ್ತಿರುತ್ತಾನೆ.

ನನ್ನ ವಾದಕ್ಕೂ ಒಂದು ಗಡಿ ಇದೆ. ಈಗಾಗಲೇ ನೂರಕ್ಕೆ ಮೂರರ ಸಾಲ ಹೊತ್ತ ಮನೆ 1.4 ಲಕ್ಷ ಕೂಡಿಡಲು ಹೋಗಬಾರದು. 3 ಪರ್ಸೆಂಟಿಗೆ ಹಣ ಇಟ್ಟು 36 ಪರ್ಸೆಂಟ್ ಕಟ್ಟುವುದು ಮನೆ ಮುರಿಯುವ ಲೆಕ್ಕ. ಅಂಥವರು ಮೊದಲು 20,000 ಬದಿಗಿಟ್ಟು, ಆಮೇಲೆ ಬರುವ ಪ್ರತಿ ರಾಶಿಯಿಂದ ಸಾವಕಾರನ ಅಸಲು ತೀರಿಸಲಿ. ಸಾಲ ಮುಗಿದ ಮರುಸುಗ್ಗಿಯಿಂದ, ಅಡತಿ ಪಟ್ಟಿಯ ಹಣ ಕೈಗೆ ಬಂದ ದಿನವೇ, ಒಂದು ಪಾಲನ್ನು ಜಂಟಿ ಖಾತೆಗೆ ಹಾಕಲಿ.