ಎರಡು ಸಾಲಿನ ವರದಿ ಬಿಟ್ಟ ಪ್ರಶ್ನೆ

ಅರಸೀಕೆರೆಯಿಂದ ಜಾವಗಲ್ ಹಾದು ಹಳೇಬೀಡಿಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟದ ನಡುವೆ ಒಂದು ಮನೆ ಇದೆ ಎಂದುಕೊಳ್ಳಿ. ಸೊಸೆ ಬಸುರಿ. ಬಸುರಿಯರಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಕಾರ್ಡಿನ ಮೇಲೆ ಒಂದು ಗೆರೆ ಬರಬೇಕಾದಲ್ಲಿ ಎರಡು ಗೆರೆ ಬಂದಿವೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಗಂಡ, ಅತ್ತೆ, ಹಾಸನದಲ್ಲಿ ನರ್ಸಿಂಗ್ ಓದುವ ನಾದಿನಿ, ಮೂವರೂ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದರು. ಮೂವರ ಹಾಳೆಯಲ್ಲೂ ಎರಡೆರಡೇ ಸಾಲು: ಎಚ್‌ಬಿಎಸ್‌ಎಜಿ, ಅದರ ಕೆಳಗೆ ಆಂಟಿ-ಎಚ್‌ಬಿಎಸ್.

ನನ್ನ ತಕರಾರು ಇರುವುದು ಈ ಎರಡು ಸಾಲಿನ ವರದಿಯ ಮೇಲೆ. ಅದು ಸುಳ್ಳು ಹೇಳುತ್ತದೆ ಎಂದಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿ, ಕೇಳಲೇಬೇಕಾದ ಇನ್ನೊಂದು ಮಾತನ್ನು ಕೇಳದೆಯೇ ಮುಗಿದುಬಿಡುತ್ತದೆ.

ಮೊದಲ ಸಾಲು ವೈರಸ್ಸಿನದು. ಎಚ್‌ಬಿಎಸ್‌ಎಜಿ ಎಂದರೆ ವೈರಸ್ಸಿನ ಹೊರಮೈಯ ಪ್ರೋಟೀನು. ಬರೂಚ್ ಬ್ಲೂಂಬರ್ಗ್ 1960ರ ದಶಕದಲ್ಲಿ ಇದನ್ನು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಗುರುತಿಸಿದರು. ಹಳೆಯ ಡಾಕ್ಟರುಗಳು ಇದನ್ನು 'ಆಸ್ಟ್ರೇಲಿಯಾ ಆಂಟಿಜೆನ್' ಎನ್ನುತ್ತಿದ್ದುದು ಅದಕ್ಕೇ. ಇದು ರಕ್ತದಲ್ಲಿದ್ದರೆ ವೈರಸ್ ಈಗ ಒಳಗಿದೆ ಎಂದರ್ಥ. ಎರಡನೆಯ ಸಾಲು ನಮ್ಮ ದೇಹದ್ದು. ಆ ಹೊರಮೈಯನ್ನು ಗುರುತಿಸಿ ಹಿಡಿಯುವ ಪ್ರತಿಕಾಯ ಎಷ್ಟಿದೆ ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದು ಲೆಕ್ಕ. ಮೊದಲ ಸಾಲಿನಲ್ಲಿ ಪಾಸಿಟಿವ್ ಎಂದರೆ ಚಿಂತೆ, ಎರಡನೆಯದರಲ್ಲಿ ಪಾಸಿಟಿವ್ ಎಂದರೆ ನೆಮ್ಮದಿ. ಒಂದೇ ಹಾಳೆಯಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಗಂಡನ ವರದಿಯಲ್ಲಿ ಆಂಟಿ-ಎಚ್‌ಬಿಎಸ್ 320 ಎಂದಿರುವುದನ್ನು ನೋಡಿ ಅವನು "ಮೇಡಂ, ಕಾಯಿಲೆ ಮುನ್ನೂರಿಪ್ಪತ್ತಕ್ಕೆ ಏರಿದೆಯಾ?" ಎಂದು ಗಾಬರಿಯಿಂದ ಕೇಳಿದರೆ ತಪ್ಪು ಅವನದಲ್ಲ. ಸಕ್ಕರೆಯ ಅಂಕಿ ಏರಿದರೆ ಕೆಟ್ಟದ್ದು ಎಂದು ಕಲಿತ ಕಣ್ಣು ಅದು.

ಈಗ ಮೂರು ಹಾಳೆಗಳನ್ನು ಪಕ್ಕಪಕ್ಕ ಇಡೋಣ. ಗಂಡನಿಗೆ ಎಚ್‌ಬಿಎಸ್‌ಎಜಿ ನೆಗೆಟಿವ್, ಪ್ರತಿಕಾಯ 320. ನಾದಿನಿಗೂ ಎಚ್‌ಬಿಎಸ್‌ಎಜಿ ನೆಗೆಟಿವ್, ಪ್ರತಿಕಾಯ 180. ಅತ್ತೆಗೆ ಎಚ್‌ಬಿಎಸ್‌ಎಜಿ ನೆಗೆಟಿವ್, ಪ್ರತಿಕಾಯ 2. ಅಣ್ಣ ತಂಗಿಯರಿಬ್ಬರಿಗೂ ರೋಗನಿರೋಧ ಇದೆ, ಅತ್ತೆಗೆ ಲಸಿಕೆ ಹಾಕಿಸಬೇಕು, ಇಷ್ಟೇ ತಾನೇ ಎಂದು ಹಾಳೆ ಮಡಿಸಿಡುವವರೇ ಹೆಚ್ಚು. ಆದರೆ ನಾದಿನಿ ಕಾಲೇಜಿಗೆ ಸೇರಿದಾಗ ಮೂರು ಡೋಸ್ ಲಸಿಕೆ ಹಾಕಿಸಿಕೊಂಡವಳು. ಅಣ್ಣ ಹುಟ್ಟಿದ್ದು 1990ರ ಆಸುಪಾಸಿನಲ್ಲಿ. ಈ ಲಸಿಕೆ ದೇಶದ ಎಲ್ಲ ಮಕ್ಕಳ ಸರ್ಕಾರಿ ಪಟ್ಟಿಗೆ ಬಂದದ್ದು 2011ಕ್ಕೆ. ಅವನು ಎಂದೂ ಈ ಸೂಜಿ ಚುಚ್ಚಿಸಿಕೊಂಡಿಲ್ಲ. ಹಾಗಾದರೆ ಅವನ 320 ಎಲ್ಲಿಂದ ಬಂತು?

ಹಳೇಬೀಡಿನ ದೇವಸ್ಥಾನವನ್ನು ಹೊರಗೋಡೆಯ ಆನೆಸಾಲಿನ ಫೋಟೋ ನೋಡಿಯೂ ಬಲ್ಲವರಿದ್ದಾರೆ, ಒಳಗೆ ಹೋಗಿ ಕಡೆದ ಕಂಬಗಳ ನಡುವೆ ನಿಂತು ಬಂದವರೂ ಇದ್ದಾರೆ. ಆನೆಸಾಲನ್ನು ಇಬ್ಬರೂ ಗುರುತಿಸುತ್ತಾರೆ. ಒಳಗಿನ ಕಂಬವನ್ನೂ ಗುರುತಿಸಿದವನು ಮಾತ್ರ ಒಳಗೆ ಹೋಗಿ ಬಂದವನು. ಲಸಿಕೆ ಆ ಹೊರಗೋಡೆಯ ಫೋಟೋ ಇದ್ದಂತೆ. ಯೀಸ್ಟ್‌ನಲ್ಲಿ ಬೆಳೆಸಿದ ಹೊರಮೈಯ ಪ್ರೋಟೀನು ಬಿಟ್ಟರೆ ವೈರಸ್ಸಿನ ಬೇರೆ ಯಾವ ಭಾಗವೂ ಅದರಲ್ಲಿಲ್ಲ. ನಿಜವಾದ ವೈರಸ್ ಹೊಕ್ಕಾಗ ದೇಹ ಅದರ ಒಳತಿರುಳನ್ನೂ ಕಾಣುತ್ತದೆ, ತಿರುಳಿಗೂ ಪ್ರತಿಕಾಯ ಕಟ್ಟುತ್ತದೆ. ಅದರ ಹೆಸರು ಆಂಟಿ-ಎಚ್‌ಬಿಸಿ. ಲಸಿಕೆಯಿಂದ ಅದು ಹುಟ್ಟುವುದಿಲ್ಲ. ಸೋಂಕಿನಿಂದ ಹುಟ್ಟಿದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಹಾಳೆಯಲ್ಲಿ ಇಲ್ಲದ ಮೂರನೆಯ ಸಾಲು ಇದೇ.

ಆ ಪರೀಕ್ಷೆ ಮಾಡಿಸಿದರೆ ನಾದಿನಿಗೆ ನೆಗೆಟಿವ್ ಬರುತ್ತದೆ, ಗಂಡನಿಗೆ ಪಾಸಿಟಿವ್. ಅವಳದು ಲಸಿಕೆಯ ರಕ್ಷಣೆ, ಇವನದು ಬಂದುಹೋದ ಸೋಂಕು. ಇವನಿಗೆ ಕಣ್ಣು ಹಳದಿಯಾದ ನೆನಪೂ ಇರಲಿಕ್ಕಿಲ್ಲ; ಕಾಮಾಲೆಯೇ ಕಾಣದೆ ಬಂದುಹೋಗುವುದು ಈ ಸೋಂಕಿನಲ್ಲಿ ಸಾಮಾನ್ಯ. ಹುಟ್ಟುವಾಗ ಸೋಂಕು ತಗುಲಿದರೆ 100 ಶಿಶುಗಳಲ್ಲಿ ಸುಮಾರು 90ರಲ್ಲಿ ಅದು ನೆಲೆಯೂರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ 100ಕ್ಕೆ 95ಕ್ಕೂ ಹೆಚ್ಚು ಮಂದಿ ತಾವಾಗಿಯೇ ಗೆಲ್ಲುತ್ತಾರೆ. ಹಾಗಾಗಿ ಹೆಂಡತಿಯ ಸೋಂಕು ಅವಳ ಎಳೆತನದ್ದೇ ಇರಬಹುದು. ಯಾರಿಂದ ಯಾರಿಗೆ ಬಂತು ಎಂಬುದನ್ನು ಈ ಹಾಳೆ ಹೇಳುವುದಿಲ್ಲ. ಇದನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಸೊಸೆಯನ್ನು ದೂರುವುದು ಅನ್ಯಾಯ.

ಸೊಸೆಯ ವರದಿ ಓದಲು ಸುಲಭ, ಆದರೂ ಅಲ್ಲೇ ನಿಲ್ಲಬಾರದು. ಕಾರ್ಡಿನ ಫಲಿತಾಂಶವನ್ನು ಎಲೈಸಾದಂಥ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರದೊಳಗೆ ರಕ್ತ ಕೊಟ್ಟರೆ ಲಸಿಕೆಯ ಪ್ರೋಟೀನೇ ಸೋಂಕಿನಂತೆ ಕಾಣಬಹುದು, ಅದನ್ನೂ ಕೇಳಿಕೊಳ್ಳಬೇಕು. ಆರು ತಿಂಗಳ ನಂತರವೂ ಎಚ್‌ಬಿಎಸ್‌ಎಜಿ ಉಳಿದಿದ್ದರೆ ಸೋಂಕು ನೆಲೆಯೂರಿದೆ ಎಂದರ್ಥ. ಬಸುರಿಗೆ ಮಾತ್ರ ಆರು ತಿಂಗಳು ಕಾಯುತ್ತ ಕೂರುವಂತಿಲ್ಲ. ವೈರಸ್ಸಿನ ಪ್ರಮಾಣ ಈಗಲೇ ಅಳೆಯಬೇಕು. ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಮಾತ್ರೆ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ, ಆದಷ್ಟು ಬೇಗ, ಲಸಿಕೆ ಮತ್ತು ಇಮ್ಯುನೋಗ್ಲಾಬ್ಯುಲಿನ್ ಎರಡೂ ಬೀಳಬೇಕು. ಆ ಮಗುವಿನ ರಕ್ತದಲ್ಲಿ ಮೂರನೆಯ ಸಾಲನ್ನು ಹುಡುಕಬಾರದು. ತಾಯಿಯ ತಿರುಳು-ಪ್ರತಿಕಾಯ ಮಗುವಿಗೂ ದಾಟಿ ಎರಡು ವರ್ಷದವರೆಗೆ ಉಳಿಯಬಹುದು. ಇಲ್ಲದ ಸೋಂಕು ಇದೆ ಎನಿಸಬಹುದು. ಮಗುವಿಗೆ ಮಾತ್ರ ಒಂಬತ್ತು ತಿಂಗಳಾದ ಮೇಲೆ ಆ ಎರಡು ಸಾಲೇ ಸಾಕು.

ನನ್ನನ್ನು ಹೆಚ್ಚು ಕಾಡುವುದು ಅತ್ತೆಯ ಹಾಳೆ. ಎರಡೂ ಸಾಲು ಖಾಲಿ. ವೈರಸ್ಸಿನ ಗಾಳಿಯೇ ಸೋಕದವರಲ್ಲಿ ಹೀಗಿರುತ್ತದೆ. ಎಂದೋ ಹಾಕಿಸಿದ ಲಸಿಕೆಯ ಪ್ರತಿಕಾಯ ವರ್ಷಗಳಲ್ಲಿ ಇಳಿದುಹೋದವರಲ್ಲೂ ಹೀಗಿರುತ್ತದೆ. ಅವರ ದೇಹದ ನೆನಪು ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ. ಹೊಸ ಸೋಂಕಿನಲ್ಲಿ ಹೊರಮೈಯ ಪ್ರೋಟೀನು ಮರೆಯಾಗಿ ಪ್ರತಿಕಾಯ ಇನ್ನೂ ಕಾಣಿಸಿಕೊಳ್ಳದ ಕೆಲವು ವಾರಗಳೂ ಉಂಟು. ಹಳೆಯ ಸೋಂಕಿನಲ್ಲಿ ಹೊರಮೈಯ ಪ್ರತಿಕಾಯ ಸವೆದು ತಿರುಳಿನದು ಮಾತ್ರ ಉಳಿದಿರುವುದೂ ಉಂಟು. ಇಷ್ಟು ಬೇರೆ ಬೇರೆ ಕಥೆಗಳಿಗೆ ಒಂದೇ ಬಗೆಯ ಎರಡು ಸಾಲು. ಅದರ ಕೆಳಗೆ 'ಲಸಿಕೆ ಅಗತ್ಯ' ಎಂದು ಅಚ್ಚು ಹಾಕುವ ವರದಿ ಅವಸರದ ತೀರ್ಪು ಕೊಡುತ್ತಿದೆ ಎಂದೇ ನಾನು ಹೇಳುತ್ತೇನೆ.

ಇದು ಪುಸ್ತಕದ ವ್ಯತ್ಯಾಸ ಮಾತ್ರವಲ್ಲ. ಸೋಂಕು ಬಂದುಹೋದವರ ಪಿತ್ತಜನಕಾಂಗದ ಜೀವಕೋಶಗಳಲ್ಲಿ ವೈರಸ್ಸಿನ ಡಿಎನ್ಎ ಸದ್ದಿಲ್ಲದೆ ಉಳಿದಿರುತ್ತದೆ. ಕೀಮೋಥೆರಪಿ, ರಿಟುಕ್ಸಿಮ್ಯಾಬ್, ದೀರ್ಘಕಾಲದ ಹೆಚ್ಚು ಪ್ರಮಾಣದ ಸ್ಟೆರಾಯ್ಡ್, ಹೀಗೆ ರೋಗನಿರೋಧವನ್ನು ಕುಗ್ಗಿಸುವ ಔಷಧಿ ಶುರುವಾದಾಗ ಅದು ಮತ್ತೆ ಏಳಬಲ್ಲದು, ಜೀವಕ್ಕೇ ಎರವಾಗಬಲ್ಲದು. ಮೊದಲೇ ಗೊತ್ತಿದ್ದರೆ ತಡೆಯುವ ಮಾತ್ರೆಯುಂಟು. ಅಮೆರಿಕದ ಸಿಡಿಸಿ 2023ರಲ್ಲಿ ವಯಸ್ಕರೆಲ್ಲರಿಗೂ ಒಮ್ಮೆಯಾದರೂ ಈ ಮೂರೂ ಸಾಲು ಒಟ್ಟಿಗೆ ಇರಲಿ ಎಂದು ಹೇಳಿತು. ಕಾರ್ಡಿನ ಪರೀಕ್ಷೆ ಇಪ್ಪತ್ತು ನಿಮಿಷದಲ್ಲಿ ಊರಲ್ಲೇ ಮುಗಿಯುತ್ತದೆ. ಬಸುರಿಯರನ್ನು, ರಕ್ತದಾನಿಗಳನ್ನು ಶೋಧಿಸಲು ಇಂಥ ಮೊದಲ ಸಾಲೇ ಬಹುದೊಡ್ಡ ಉಪಕಾರ. ಮನೆಯಲ್ಲಿ ಒಬ್ಬರಿಗೆ ಸೋಂಕು ಕಂಡ ಮೇಲೆ ಉಳಿದವರಿಗೂ ಎರಡೇ ಸಾಲಿಗೆ ನಿಲ್ಲುವುದನ್ನು ಮಾತ್ರ ನಾನು ಒಪ್ಪಲಾರೆ. ಲಸಿಕೆ ಹಾಕಿಸಿದ ತಾರೀಖು ಬರೆಯಲು ವರದಿಯಲ್ಲಿ ಒಂದು ಜಾಗವೂ ಬೇಕು. ತಾರೀಖಿಲ್ಲದೆ ಆ 320ನ್ನು ಓದುವುದು ಹೇಗೆ?

ಅತ್ತೆಗೆ ಬೇಲೂರಿನಲ್ಲಿರುವ ತವರಿನ ಕಡೆಯ ಡಾಕ್ಟರು ಕೀಲುವಾತಕ್ಕೆ ಹೊಸ ಚಿಕಿತ್ಸೆ ಶುರುಮಾಡುವವರಿದ್ದಾರೆ ಎಂದುಕೊಳ್ಳಿ. ಮೂರನೆಯ ಪರೀಕ್ಷೆಯಲ್ಲಿ ಆಂಟಿ-ಎಚ್‌ಬಿಸಿ ಪಾಸಿಟಿವ್ ಬಂತು. ಅದೊಂದೇ ಪಾಸಿಟಿವ್ ಆದಾಗ ತಪ್ಪು ಫಲಿತಾಂಶವೂ ಇರಬಹುದೆಂದು ಇನ್ನೊಮ್ಮೆ ಮಾಡಿಸಿದರು, ಮತ್ತೆ ಪಾಸಿಟಿವ್. ವೈರಸ್ಸಿನ ಡಿಎನ್ಎ ಪರೀಕ್ಷೆಗೂ ರಕ್ತ ಹೋಯಿತು. ಕೀಲಿನ ಔಷಧಿಯ ಚೀಟಿಯನ್ನು ಆ ಫಲಿತಾಂಶ ಬರುವವರೆಗೆ ತಡೆಹಿಡಿದಿದ್ದಾರೆ.