ಕಾರಣಿಕದ ಟಿಪ್ಪಣಿ: ಕ್ಷೇತ್ರದ ಪುಟದಿಂದ ಪ್ರಬಂಧದ ಅಧ್ಯಾಯಕ್ಕೆ

ಜಾತ್ರೆಗಳನ್ನು ಕುರಿತ ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ‘ಜನರು ನಂಬುತ್ತಾರೆ’ ಎಂಬ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಯಾವ ಜನರು, ಯಾವಾಗ, ಯಾರೊಡನೆ ಮಾತನಾಡುವಾಗ ಹಾಗೆ ಹೇಳಿದರು ಎಂಬ ವಿವರ ಸಂಶೋಧಕರ ಕೈಬರಹದ ಪುಸ್ತಕದಲ್ಲಿ ಇದ್ದಿರಬಹುದು. ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದು ಅಳಿದುಹೋಗಿರುತ್ತದೆ. ಈ ನಷ್ಟ ಸಂಭವಿಸುವುದು ಕ್ಷೇತ್ರದಲ್ಲಲ್ಲ, ಟಿಪ್ಪಣಿ ಮತ್ತು ಅಧ್ಯಾಯಗಳ ನಡುವೆ ಇರಬೇಕಾದ ವಿಶ್ಲೇಷಣಾ ಟಿಪ್ಪಣಿಯ ಹಂತವನ್ನು ಕೈಬಿಡುವುದರಲ್ಲಿ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ಇದನ್ನು ಪರಿಶೀಲಿಸಲು ತಕ್ಕ ನಿದರ್ಶನ. ಭರತ ಹುಣ್ಣಿಮೆಯ ಈ ಜಾತ್ರೆಯಲ್ಲಿ ಗೊರವಯ್ಯನು ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ನೆರೆದ ಜನಸ್ತೋಮ ಮೌನವಾಗುತ್ತದೆ. ಒಂದೇ ಸಾಲಿನ ಕಾರಣಿಕವನ್ನು ನುಡಿದು ಅವನು ಕೆಳಕ್ಕೆ ಬೀಳುತ್ತಾನೆ. ನುಡಿ ಕೆಲವು ಕ್ಷಣಗಳದು. ಅದರ ಅರ್ಥವಿವರಣೆ ವರ್ಷವಿಡೀ ನಡೆಯುವಂಥದು. ಹೀಗಾಗಿ ಕೇಳಿದ್ದು ಮತ್ತು ಅರ್ಥೈಸಿದ್ದು ಇವೆರಡೂ ಒಂದೇ ಪುಟದಲ್ಲಿ ಬೆರೆತುಹೋಗುವ ಅಪಾಯ ಇಲ್ಲಿ ಹೆಚ್ಚು.

ಉದಾಹರಣೆಗೆ ಹೀಗೊಂದು ಪುಟವನ್ನು ಕಲ್ಪಿಸಿಕೊಳ್ಳಬಹುದು. ಗದ್ದಲದಲ್ಲಿ ಬರೆದ ಮೊದಲ ಸಾಲು: ‘ಪರಾಕ್‌ಗೆ ಮುಂಚಿನ ಪದ ಬೆಳಸು? ಬೆಳಗು?’ ಅದರ ಕೆಳಗೆ: ‘ಬಂಡಿಯ ಬಳಿಯ ಹಿರಿಯ ರೈತ, ಮುಂಗಾರು ಚೆನ್ನ. ಕುರಿಗಾಹಿ, ಮರಿಗೆ ರೋಗವಿಲ್ಲ. ಚಹದಂಗಡಿ, ಸರ್ಕಾರದ ಮಾತು.’ ಕೊನೆಯಲ್ಲಿ ಬೇರೆ ಶಾಯಿಯಲ್ಲಿ, ಮರುದಿನದ ಪತ್ರಿಕೆಯಿಂದ ತೆಗೆದುಕೊಂಡ ಪೂರ್ಣ ವಾಕ್ಯ. ಅದರಲ್ಲಿರುವ ಪದ ‘ಬೆಳಸು’.

ಇದನ್ನು ಶುದ್ಧಪ್ರತಿ ಮಾಡುವಾಗ ಮೊದಲ ಸಾಲಿನ ಪ್ರಶ್ನಾರ್ಥಕ ಚಿಹ್ನೆಯನ್ನು ಬಿಟ್ಟು ಪತ್ರಿಕೆಯ ವಾಕ್ಯವನ್ನೇ ಕಾರಣಿಕವೆಂದು ಬರೆಯುವುದು ಸುಲಭ. ಆಗ ‘ಕಾರಣಿಕವು ಮಳೆಬೆಳೆಯ ಭವಿಷ್ಯವೆಂದು ಜನರು ನಂಬುತ್ತಾರೆ’ ಎಂಬ ನಿರ್ಣಯ ತಾನಾಗಿ ಹೊರಡುತ್ತದೆ. ಆದರೆ ‘ಮುಂಗಾರು’ ಗೊರವಯ್ಯನ ನುಡಿಯಲ್ಲಿ ಇರಲಿಲ್ಲ, ಅದು ರೈತನೊಬ್ಬನ ಮಾತು. ಕೇಳಿಸಿದ ಪದವೇ ಎರಡಾಗಿತ್ತೆಂಬ ಮುಖ್ಯ ಸಂಗತಿಯೂ ಮರೆಯಾಯಿತು.

ಆದುದರಿಂದ ಮೊದಲ ಕೆಲಸ ಅದೇ ರಾತ್ರಿ ಸಂಕ್ಷಿಪ್ತ ಗುರುತುಗಳನ್ನು ವಿಸ್ತರಿಸಿ ಬರೆಯುವುದು. ಆಗ ಕಿವಿಗೆ ಬಿದ್ದದ್ದು, ಇತರರು ಹೇಳಿದ್ದು, ಸಂಶೋಧಕರಿಗೆ ತೋಚಿದ್ದು ಈ ಮೂರಕ್ಕೂ ಅಂಚಿನಲ್ಲಿ ಬೇರೆ ಬೇರೆ ಗುರುತು ಬೇಕು. ನಂತರ ಸೇರಿಸಿದ್ದಕ್ಕೆ ಸೇರಿಸಿದ ದಿನಾಂಕವಿರಬೇಕು. ಮೂಲ ಪುಸ್ತಕದ ಪುಟಗಳಿಗೆ ಅಂಕಿ ಹಾಕಿ ಅದನ್ನು ಉಳಿಸಿಕೊಳ್ಳಬೇಕು. ಶುದ್ಧಪ್ರತಿ ಮೂಲಕ್ಕೆ ಬದಲಿಯಲ್ಲ.

ವಿಶ್ಲೇಷಣಾ ಟಿಪ್ಪಣಿ ಎರಡನೆಯ ಹಂತ. ಅದು ಘಟನೆಗಳನ್ನು ಮತ್ತೆ ನಿರೂಪಿಸುವುದಿಲ್ಲ. ಒಂದು ಊಹೆಯನ್ನು ಮಾತ್ರ ಹಿಡಿದು ಆಧಾರವಾದ ಪುಟಗಳನ್ನು ಸೂಚಿಸುತ್ತದೆ. ಮೇಲಿನ ಪುಟದಿಂದ ಹುಟ್ಟುವ ಊಹೆ: ‘ಕೇಳುಗರು ತಮ್ಮ ವೃತ್ತಿಗೆ ತಕ್ಕಂತೆ ಕಾರಣಿಕವನ್ನು ಅರ್ಥೈಸುತ್ತಾರೆ.’ ರೈತ ಮತ್ತು ಕುರಿಗಾಹಿಯ ಮಾತುಗಳು ಇದಕ್ಕೆ ಪೋಷಕ. ಚಹದಂಗಡಿಯ ಮಾತು ಪೋಷಕವಲ್ಲ. ಅಲ್ಲಿ ಕುಳಿತವರ ವೃತ್ತಿಯನ್ನೇ ಬರೆದುಕೊಂಡಿಲ್ಲ. ಈ ವಿರೋಧವನ್ನು ಟಿಪ್ಪಣಿಯಲ್ಲಿಯೇ ದಾಖಲಿಸಿದಾಗ ಊಹೆ ತಿದ್ದುಪಡಿಗೊಳ್ಳುತ್ತದೆ: ಅರ್ಥವನ್ನು ನಿರ್ಧರಿಸುವುದು ವೃತ್ತಿಯೊಂದೇ ಅಲ್ಲದೆ ಮಾತು ನಡೆದ ಸ್ಥಳವೂ ಇರಬಹುದು. ರೈತನೇ ಚಹದಂಗಡಿಯಲ್ಲಿ ಏನು ಹೇಳುತ್ತಾನೆ ಎಂಬುದು ಮುಂದಿನ ಭೇಟಿಯ ಪ್ರಶ್ನೆಯಾಗುತ್ತದೆ. ಮೂವರ ಮಾತು ಪ್ರಶ್ನೆಯನ್ನು ಹುಟ್ಟಿಸಬಲ್ಲದು, ನಿರ್ಣಯವನ್ನಲ್ಲ.

ಅಲನ್ ಡಂಡೆಸ್ 1966ರಲ್ಲಿ, ಜನಪದರು ತಮ್ಮ ಪಠ್ಯಗಳಿಗೆ ತಾವೇ ನೀಡುವ ವ್ಯಾಖ್ಯಾನಗಳನ್ನು ಪಠ್ಯದೊಂದಿಗೇ ಸಂಗ್ರಹಿಸಬೇಕೆಂದು ವಾದಿಸಿದರು. ಒಂದು ಪಠ್ಯಕ್ಕೆ ಒಂದೇ ಅರ್ಥವಿರಬೇಕಿಲ್ಲವೆಂಬುದು ಆ ವಾದದ ತಿರುಳು. ಕಾರಣಿಕದ ವಿಷಯದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ, ಏಕೆಂದರೆ ಇಲ್ಲಿ ವ್ಯಾಖ್ಯಾನವು ಪಠ್ಯವನ್ನೇ ತಿದ್ದಬಹುದು. ಮಳೆಬೆಳೆಯ ನಿರೀಕ್ಷೆಯಲ್ಲಿದ್ದವನಿಗೆ ‘ಬೆಳಸು’ ಎಂದೇ ಕೇಳಿಸಿರಬಹುದು. ಧ್ವನಿಮುದ್ರಣ ಗೊರವಯ್ಯನು ಏನು ನುಡಿದನೆಂಬುದನ್ನು ತೀರ್ಮಾನಿಸೀತು. ಕೇಳುಗರಿಗೆ ಏನು ಕೇಳಿಸಿತೆಂಬುದನ್ನು ಅದು ಹೇಳಲಾರದು. ಆ ಸಾಕ್ಷ್ಯ ಇರುವುದು ಪ್ರಶ್ನಾರ್ಥಕ ಚಿಹ್ನೆಯುಳ್ಳ ಆ ಅವಸರದ ಸಾಲಿನಲ್ಲಿ ಮಾತ್ರ.

ಇಂತಹ ಹತ್ತಾರು ವಿಶ್ಲೇಷಣಾ ಟಿಪ್ಪಣಿಗಳನ್ನು ಊಹೆಗಳ ಸಂಬಂಧಕ್ಕನುಗುಣವಾಗಿ ಜೋಡಿಸಿದಾಗ ಅಧ್ಯಾಯದ ವಿನ್ಯಾಸ ಗೋಚರಿಸುತ್ತದೆ. ಜಾತ್ರೆಯ ಮೊದಲ ದಿನದಿಂದ ಕೊನೆಯ ದಿನದವರೆಗಿನ ಅನುಕ್ರಮ ಆಗ ಅನಿವಾರ್ಯವಲ್ಲ. ಕರಡು ಸಿದ್ಧವಾದ ಮೇಲೆ ಒಂದು ಸರಳ ಪರೀಕ್ಷೆ ಉಳಿಯುತ್ತದೆ: ‘ಜನರು’ ಎಂಬ ಪದ ಬಂದಲ್ಲೆಲ್ಲ ನಿಂತು, ಕೈಬರಹದ ಯಾವ ಪುಟದ ಯಾವ ವ್ಯಕ್ತಿಯನ್ನು ಅದು ಸೂಚಿಸುತ್ತದೆಂದು ಹುಡುಕುವುದು. ಪುಟ ಸಿಗದಿದ್ದರೆ ಆ ವಾಕ್ಯ ಮೈಲಾರದ್ದಲ್ಲ, ಸಂಶೋಧಕರದು.