ಗೇಟು ಕಿತ್ತುಹೋದ ವಾರ ಬಂದವರು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು, ಗೇಟು ಕೊಚ್ಚಿಹೋಯಿತು. ಗಂಗಾವತಿಯಿಂದ ಸಿಂಧನೂರು, ಮಸ್ಕಿ, ಮಾನ್ವಿವರೆಗೆ ಎಡದಂಡೆ ಕಾಲುವೆಯನ್ನೇ ನಂಬಿದ ರೈತರೆಲ್ಲ ಫೋನ್ ಹಿಡಿದು ಕೂತರು. ಹಾಕಿದ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎನ್ನುವುದೊಂದೇ ಪ್ರಶ್ನೆ. ಅಂಥ ವಾರದಲ್ಲಿ ಡ್ಯಾಮಿನ ಮೇಲೆ ಹಾಕಿದ ವಿಡಿಯೊ, ಚಾನೆಲ್ ಎಷ್ಟು ಸಣ್ಣದಿದ್ದರೂ, ಓಡುತ್ತದೆ. ಹೀಗೆ ಒಮ್ಮೆಲೇ ಬಂದ ಜನರಲ್ಲಿ ಎಷ್ಟು ಮಂದಿ ಮತ್ತೆ ಬಂದರು, ಅದನ್ನು ತಿಳಿಯುವುದು ಹೇಗೆ ಎಂಬುದು ಈ ವಾರದ ವಿಷಯ.

ಬಳಗಾನೂರು ಸೀಮೆಯಲ್ಲಿ ನೆಲ್ಲಿನ ಬೇಸಾಯದ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುವ ಒಬ್ಬ ಹುಡುಗ ಇದ್ದಾನೆ ಎಂದುಕೊಳ್ಳಿ. ಲೆಕ್ಕ ತಿಳಿಯಲೆಂದು ಅಂಕಿಗಳನ್ನೂ ನಾನೇ ಇಟ್ಟುಕೊಂಡಿದ್ದೇನೆ. ಅವನ ಗೇಟಿನ ವಿಡಿಯೊಗೆ 80,000 ವೀಕ್ಷಣೆ ಬಂತು, 240 ಮಂದಿ ಸಬ್‌ಸ್ಕ್ರೈಬ್ ಆದರು. ಅಕ್ಟೋಬರಿನಲ್ಲಿ ಅವನೇ ನೆಲ್ಲಿನ ಬೆಂಕಿ ರೋಗದ ಬಗ್ಗೆ ಹಾಕಿದ ವಿಡಿಯೊಗೆ ಸಿಕ್ಕಿದ್ದು 4,000 ವೀಕ್ಷಣೆ, 60 ಸಬ್‌ಸ್ಕ್ರೈಬರ್. ಮೊದಲನೆಯದು ದೊಡ್ಡದಾಗಿ ಕಾಣುತ್ತದೆ. ಸಾವಿರ ವೀಕ್ಷಣೆಗೆ ಎಷ್ಟು ಎಂದು ಭಾಗಿಸಿ ನೋಡಿ. ಗೇಟಿನ ವಿಡಿಯೊಗೆ 3, ಬೆಂಕಿ ರೋಗದ್ದಕ್ಕೆ 15. ನಾನು ಯಾವ ಚಾನೆಲ್ ನೋಡಿದರೂ ಮೊದಲು ಹಾಕುವುದು ಈ ಭಾಗಾಕಾರವನ್ನೇ.

ಆದರೆ ಸಬ್‌ಸ್ಕ್ರೈಬ್ ಬಟನ್ ಒತ್ತಿದವರೆಲ್ಲ ತಿರುಗಿ ಬರುವುದಿಲ್ಲ, ತಿರುಗಿ ಬರುವ ಎಷ್ಟೋ ಮಂದಿ ಬಟನ್ ಒತ್ತುವುದೇ ಇಲ್ಲ. ಅದಕ್ಕೆ ಬೇರೆ ಕಡೆ ನೋಡಬೇಕು. YouTube Studio ತೆರೆದು Analytics ಒಳಗೆ Audience ಎಂಬಲ್ಲಿಗೆ ಹೋಗಿ. ಅಲ್ಲಿ ನೋಡುಗರನ್ನು ಮೂರು ಗುಂಪು ಮಾಡಿರುತ್ತಾರೆ. New ಎಂದರೆ ನೀವು ಆರಿಸಿದ ಅವಧಿಯಲ್ಲಿ ನಿಮ್ಮ ಚಾನೆಲನ್ನು ಮೊದಲ ಸಲ ನೋಡಿದವರು. Casual ಎಂದರೆ ಹಿಂದಿನ 12 ತಿಂಗಳಲ್ಲಿ 1ರಿಂದ 5 ತಿಂಗಳು ಬಂದುಹೋದವರು. Regular ಎಂದರೆ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಂದವರು.

ಆಗಸ್ಟಿನಲ್ಲಿ ನಮ್ಮ ಹುಡುಗನ New ಗೆರೆ 60,000ಕ್ಕೆ ಏರಿತು ಎನ್ನಿ. ಅಲ್ಲಿಗೇ ನಿಲ್ಲಬೇಡಿ, ಮುಂದಿನ ತಿಂಗಳುಗಳ Casual ಗೆರೆಗೆ ಬನ್ನಿ. ಜುಲೈನಲ್ಲಿ ಅದು 4,000 ಇತ್ತು, ಸೆಪ್ಟೆಂಬರಿನಲ್ಲಿ 4,600 ಆಯಿತು, ಅಕ್ಟೋಬರಿಗೆ ಮತ್ತೆ 4,100ಕ್ಕೆ ಇಳಿಯಿತು. ಅರವತ್ತು ಸಾವಿರ ಜನ ಬಂದರೂ ಗೆರೆ ಎದ್ದದ್ದು ಆರು ನೂರರಷ್ಟು, ಅದೂ ಒಂದು ತಿಂಗಳ ಮಟ್ಟಿಗೆ. ಬೆಂಕಿ ರೋಗದ ವಿಡಿಯೊ ತಂದ ಹೊಸಬರು ಬರೀ 3,000. ಮರುತಿಂಗಳು Casual 4,900 ತಲುಪಿತು, ಆಮೇಲೂ ಇಳಿಯಲಿಲ್ಲ. ಇದು ಒರಟು ಲೆಕ್ಕ, ಏಕೆಂದರೆ ಹಳಬರು ಕೆಲವರು ಬಿಟ್ಟುಹೋಗಿರುತ್ತಾರೆ, ಬೇರೆ ವಿಡಿಯೊದಿಂದ ಬಂದವರೂ ಸೇರಿರುತ್ತಾರೆ. ಆದರೂ ಮುಂದಿನ ವಿಡಿಯೊ ಯಾವುದು ಮಾಡಬೇಕೆಂದು ತೀರ್ಮಾನಿಸಲು ಇಷ್ಟು ಸಾಕು.

ಈ ವ್ಯತ್ಯಾಸಕ್ಕೆ ಕಾರಣ ಹೊಲದಲ್ಲೇ ಇದೆ. ಗೇಟಿನ ವಿಡಿಯೊ ನೋಡಿದವನಿಗೆ ಬೇಕಿದ್ದ ಉತ್ತರ ಅಲ್ಲೇ ಸಿಕ್ಕಿತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು, ಅವನ ಆತಂಕವೂ ಇಳಿಯಿತು. ಬೆಂಕಿ ರೋಗ ಬಂದ ರೈತನ ಕೆಲಸ ಹಾಗೆ ಮುಗಿಯುವುದಿಲ್ಲ. ಔಷಧಿ ಹೊಡೆದ ಮೇಲೆ ಹತ್ತು ಹದಿನೈದು ದಿನಕ್ಕೆ ಹೊಲ ಹೇಗಿರಬೇಕು, ಇನ್ನೊಂದು ಸಲ ಹೊಡೆಯಬೇಕೋ ಬೇಡವೋ, ಆಮೇಲೆ ಕಂದು ಜಿಗಿಹುಳು ಬಂದರೆ ಹೇಗೆ ಎಂದು ಒಂದರ ಹಿಂದೆ ಒಂದು ಬರುತ್ತದೆ. ಮತ್ತೆ ಬರಲು ಅವನಿಗೆ ತನ್ನದೇ ಕಾರಣ ಇದೆ.

ಹಾಗಾದರೆ ಗೇಟಿನ ವಿಡಿಯೊ ಹಾಕಲೇಬಾರದೇ? ಹಾಕಬೇಕು. ಅದರ ಕೊನೆ ಮಾತ್ರ ಬದಲಾಗಬೇಕು. ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಎಂಡ್ ಸ್ಕ್ರೀನ್ ಹಾಕಲು ಅವಕಾಶ ಇದೆ. ಬಹಳ ಮಂದಿ ಅಲ್ಲಿ ‘ಹೊಸದಾಗಿ ಹಾಕಿದ ವಿಡಿಯೊ’ ತಾನಾಗಿ ಬರುವಂತೆ ಬಿಟ್ಟಿರುತ್ತಾರೆ. ಗೇಟಿನ ಸುದ್ದಿ ಕೇಳಿ ಕಂಗಾಲಾದವನ ಎದುರು ಆಗ ಟ್ರ್ಯಾಕ್ಟರ್ ಜಾತ್ರೆಯ ವಿಡಿಯೊ ಬಂದು ನಿಲ್ಲುತ್ತದೆ. ಅದರ ಬದಲು ಒಂದು ನಿರ್ದಿಷ್ಟ ವಿಡಿಯೊವನ್ನೇ ಆರಿಸಿ: ನೀರು ಕಡಿಮೆ ಬಂದರೆ ನಾಟಿ ಮಾಡಿದ ನೆಲ್ಲನ್ನು ಉಳಿಸಿಕೊಳ್ಳುವುದು ಹೇಗೆ. ಅದು ಇನ್ನೂ ತಯಾರಿಲ್ಲದಿದ್ದರೆ ಮೊದಲು ಅದನ್ನು ಮಾಡಿ, ಆಮೇಲೆ ಡ್ಯಾಮಿಗೆ ಹೋಗಿ.

ಇನ್ನೊಂದು, ಒಂದೇ ಹೊಲಕ್ಕೆ ಮತ್ತೆ ಮತ್ತೆ ಹೋಗುವುದು. ಸಸಿ ಮಡಿಯಿಂದ ಕಟಾವಿನವರೆಗೆ ಅದೇ ಬದು, ಅದೇ ರೈತ. ಕೊನೆಗೆ ‘ಲೈಕ್ ಮಾಡ್ರಿ, ಸಬ್‌ಸ್ಕ್ರೈಬ್ ಮಾಡ್ರಿ’ ಎನ್ನುವ ಬದಲು, ‘ಇವತ್ತು ಗೊಬ್ಬರ ಹಾಕೀವಿ, ಇನ್ನ ಹದಿನೈದು ದಿನಕ್ಕ ಇದೇ ಮಡಿಗೆ ಬಂದು ತೋರಸ್ತೀನಿ’ ಎಂದರೆ ಸಬ್‌ಸ್ಕ್ರೈಬ್ ಆಗಲು ನೋಡುಗನಿಗೆ ಒಂದು ತಾರೀಖು ಸಿಗುತ್ತದೆ. ಕಲಾಮಾಧ್ಯಮ ಚಾನೆಲ್ ಒಬ್ಬರದೇ ಸಂದರ್ಶನವನ್ನು ಕಂತು ಕಂತಾಗಿ ಬಿಡುವುದು ಇದೇ ಬಗೆಯ ಕಟ್ಟು. ಒಂದು ಕಂತು ನೋಡಿದವರು ಮುಂದಿನದನ್ನು ಹುಡುಕಿಕೊಂಡು ಬರುತ್ತಾರೆ. ಕಂತುಗಳನ್ನೆಲ್ಲ ಒಂದು ಪ್ಲೇಲಿಸ್ಟಿನಲ್ಲಿ ಬೆಳೆಯ ಕ್ರಮದಲ್ಲೇ ಜೋಡಿಸಿ.

ಇನ್ನು ನಮ್ಮ ಸೀಮೆಗೇ ಸೇರಿದ ಒಂದು ತೊಡಕು. Regular ಎನಿಸಿಕೊಳ್ಳಲು ವರ್ಷದಲ್ಲಿ 6 ತಿಂಗಳು ಬರಬೇಕು ಎಂದೆನಲ್ಲ. ಕಾಲುವೆಗೆ ಜುಲೈನಲ್ಲಿ ನೀರು ಬಂದರೆ ನವೆಂಬರ್ ಹೊತ್ತಿಗೆ ನೆಲ್ಲು ಕೊಯ್ಲಿಗೆ ಬರುತ್ತದೆ. ಅಷ್ಟಕ್ಕೇ 5 ತಿಂಗಳು. ತಿಂಗಳು ತಪ್ಪದೆ ನೋಡಿದ ರೈತನೂ ಒಂದೇ ಬೆಳೆಯ ವರ್ಷದಲ್ಲಿ Casual ಆಗಿಯೇ ಉಳಿಯುತ್ತಾನೆ. ಎರಡನೇ ಬೆಳೆಗೆ ನೀರು ಸಿಕ್ಕಾಗ ಅವನೇ Regular ಆಗುತ್ತಾನೆ. ಆದ್ದರಿಂದ ಎರಡನೇ ಬೆಳೆಗೆ ನೀರು ಬಿಡದ ವರ್ಷ ಆ ಗೆರೆ ಕುಸಿದರೆ, ಕುಸಿದದ್ದು ಬೆಳೆ ಎಂದು ತಿಳಿಯಿರಿ. ವಿಡಿಯೊ ಕೆಟ್ಟಿತೆಂದು ವಿಷಯ ಬದಲಿಸಿ ಸಿನಿಮಾ ಸುದ್ದಿಗೆ ಇಳಿದವರು ಇದ್ದ ನೋಡುಗರನ್ನೂ ಕಳೆದುಕೊಳ್ಳುತ್ತಾರೆ.

New ಎಂಬ ಲೆಕ್ಕದಲ್ಲೂ ಹಳಬರು ಇರುತ್ತಾರೆ. ವರ್ಷಕ್ಕಿಂತ ಹೆಚ್ಚು ಕಾಲ ಬಾರದವರನ್ನು, ನೋಡಿದ ದಾಖಲೆ ಅಳಿಸಿದವರನ್ನು ಯೂಟ್ಯೂಬ್ ಹೊಸಬರೆಂದೇ ಎಣಿಸಬಹುದು. ಕಳೆದ ವರ್ಷ ಆಗಸ್ಟಿನಲ್ಲಿ ನೋಡಿ, ಈ ಸಲ ಸೆಪ್ಟೆಂಬರಿನಲ್ಲಿ ಮರಳಿದ ರೈತ ನಿಮಗೆ ಹಳೆಯ ಗುರುತು, ಲೆಕ್ಕಕ್ಕೆ ಹೊಸ ಮುಖ. ಮನೆಮಂದಿಗೆಲ್ಲ ಒಂದೇ ಫೋನ್ ಇದ್ದರೆ ಅಪ್ಪ ಮಗ ಇಬ್ಬರೂ ಸೇರಿ ಒಬ್ಬ ನೋಡುಗ.

ಹೀಗಾಗಿ ಬೇಸಾಯದ ಚಾನೆಲ್ ನಡೆಸುವವರು ಆಗಸ್ಟನ್ನು ಮೇ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಆಗಸ್ಟಿನ ಜೊತೆ ಹೋಲಿಸಿ. ಕಾಲುವೆಗೆ ನೀರು ಬಿಟ್ಟ ದಿನ, ನಾಟಿಯ ವಾರ, ಕೊಯ್ಲಿನ ವಾರ ಇವನ್ನು ಒಂದು ವಹಿಯಲ್ಲಿ ಬರೆದು, ಪಕ್ಕದಲ್ಲಿ ಆ ತಿಂಗಳ Casual ಅಂಕಿ ಮತ್ತು ಸಾವಿರ ವೀಕ್ಷಣೆಗೆ ಬಂದ ಸಬ್‌ಸ್ಕ್ರೈಬರ್ ಸಂಖ್ಯೆ ಬರೆದಿಡಿ. ಮುಂದಿನ ಸಸಿ ಮಡಿಗೆ ಮೊದಲು ಈ ವಹಿ ಶುರು ಮಾಡಿ.